ಗುರುವಾರಕ್ಕೊಂದು ‘ಗ’ ಬೇಕಾಗಿತ್ತು

ಡಿಟಿಪಿ ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಮಾತೊಂದಿದೆ: ‘ಎರಡು ನಿಮಿಷದ ಕೆಲಸ ಅಷ್ಟೆ ಸಾರ್.’ ಈ ಮಾತು ಹೇಳಿಕೊಂಡು ಬಂದ ಕೆಲಸ ಎರಡು ನಿಮಿಷದಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ. 2025ರ ಮೇ ಮೊದಲ ವಾರದಲ್ಲಿ ಒಬ್ಬರು ನಮ್ಮ ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದರು. ಗೃಹಪ್ರವೇಶದ ಆಹ್ವಾನ ಪತ್ರಿಕೆ. ಭಾನುವಾರ ಇದ್ದದ್ದು ಪುರೋಹಿತರ ಮಾತಿನ ಮೇಲೆ ಗುರುವಾರಕ್ಕೆ ಹೋಗಿತ್ತು. ‘ದಿನಾಂಕ 11-5-2025ನೇ ಭಾನುವಾರ’ ಎಂಬುದನ್ನು ‘ದಿನಾಂಕ 15-5-2025ನೇ ಗುರುವಾರ’ ಮಾಡಬೇಕು. ಮಿಕ್ಕಿದ್ದೆಲ್ಲ ಹಾಗೇ ಇರಲಿ.

‘ಇದನ್ನು ಮಾಡಿದವರ ಹತ್ತಿರ ಫೈಲ್ ಇಲ್ಲವಾ?’ ಅಂದೆ.

‘ಅವರ ಕಂಪ್ಯೂಟರ್ ಕೆಟ್ಟಿದೆಯಂತೆ ಸಾರ್. ಇದೊಂದೇ ಇರೋದು.’

ಇದೊಂದೇ ಎಂದರೆ ವಾಟ್ಸಾಪ್‌ನಲ್ಲಿ ನಾಲ್ಕಾರು ಕೈ ದಾಟಿ ಬಂದ ಜೆಪೆಗ್ ಚಿತ್ರ. ಅಗಲ 1080 ಪಿಕ್ಸೆಲ್. ನೋಡುವವರಿಗೆ ಅದರಲ್ಲಿ ಅಕ್ಷರ ಕಾಣುತ್ತದೆ. ಕಂಪ್ಯೂಟರಿಗೆ ಕಾಣುವುದು ಕೆನೆ ಬಣ್ಣದ ಚುಕ್ಕೆ ಮತ್ತು ಕೆಂಪು ಚುಕ್ಕೆ. ಪುಟ ಚಿತ್ರವಾದ ಕ್ಷಣಕ್ಕೇ ಅಕ್ಷರಗಳ ಹೆಸರು, ಅಳತೆ, ಯಾವ ಫಾಂಟ್ ಎಂಬ ಗುರುತು ಎಲ್ಲ ಅಳಿಸಿಹೋಗಿರುತ್ತದೆ. ಪಿಡಿಎಫ್ ಆಗಿದ್ದರೆ ಅಕ್ರೋಬ್ಯಾಟ್‌ನಲ್ಲಿ ತೆರೆದು ಪ್ರಾಪರ್ಟೀಸ್ ಒಳಗಿನ ಫಾಂಟ್ಸ್ ಪಟ್ಟಿ ನೋಡಿದರೆ ಮುಗಿಯುತ್ತಿತ್ತು. ಚಿತ್ರದಲ್ಲಿ ಅಂಥ ಪಟ್ಟಿ ಎಲ್ಲಿಂದ ಬರಬೇಕು?

ಇಂಗ್ಲಿಷ್ ಅಕ್ಷರವಾಗಿದ್ದರೆ ಇಷ್ಟು ಒದ್ದಾಟವಿಲ್ಲ. ಫೋಟೋಶಾಪ್‌ನಲ್ಲಿ ಮ್ಯಾಚ್ ಫಾಂಟ್ ಎಂಬ ಸೌಲಭ್ಯವಿದೆ. ವಾಟ್‌ದಫಾಂಟ್ ಎಂಬ ಜಾಲತಾಣವಿದೆ. ಚಿತ್ರ ಕೊಟ್ಟರೆ ಇಂಥ ಫಾಂಟ್ ಇರಬಹುದು ಎಂದು ಹತ್ತಾರು ಹೆಸರು ಮುಂದಿಡುತ್ತವೆ. ಆದರೆ ಅವು ರೋಮನ್ ಲಿಪಿಗಾಗಿ ಹುಟ್ಟಿದವು. ಕನ್ನಡದ ಸಾಲು ಕೊಟ್ಟರೆ ಕೊಂಬು ತಲೆಕಟ್ಟುಗಳನ್ನೆಲ್ಲ ಯಾವುದೋ ಅಲಂಕಾರದ ಇಂಗ್ಲಿಷ್ ಅಕ್ಷರ ಎಂದುಕೊಂಡು ಏನೇನೋ ಹೇಳುತ್ತವೆ. ಕನ್ನಡಕ್ಕೆ ಈಗಲೂ ಕಣ್ಣೇ ಗತಿ, ಜತೆಗೊಂದು ಅಳತೆಪಟ್ಟಿ.

ಮೊದಲು ಮಾಡಬೇಕಾದದ್ದು ಫಾಂಟ್ ಹುಡುಕುವುದಲ್ಲ. ಅದು ಫಾಂಟ್ ಹೌದೇ ಎಂದು ನೋಡುವುದು. ಒಂದೇ ಅಕ್ಷರ ಒಂದೇ ಅಳತೆಯಲ್ಲಿ ಎರಡು ಕಡೆ ಬಂದಿರುವುದನ್ನು ಹುಡುಕಿ, ಒಂದನ್ನು ಕತ್ತರಿಸಿ ಇನ್ನೊಂದರ ಮೇಲಿಟ್ಟರೆ ಗೊತ್ತಾಗುತ್ತದೆ. ಎರಡೂ ಕೂಡಿಕೊಂಡರೆ ಅದು ಫಾಂಟ್. ಒಂದರ ಬಾಲ ಉದ್ದ, ಇನ್ನೊಂದರ ಹೊಟ್ಟೆ ದಪ್ಪ ಎಂದಾದರೆ ಯಾರೋ ಕೈಯಲ್ಲಿ ಬರೆದ ಅಕ್ಷರ. ಅದಕ್ಕೆ ಜಗತ್ತಿನಲ್ಲಿ ಫಾಂಟೇ ಇರುವುದಿಲ್ಲ. ಹಳೆಯ ಮೊಳೆ ಅಚ್ಚಿನ ಪತ್ರಿಕೆಯ ಸ್ಕ್ಯಾನ್ ಆದರೂ ಅಷ್ಟೆ. ಅಲ್ಲಿ ಶಾಯಿ ಹೆಚ್ಚುಕಡಿಮೆಯಾಗಿ ಒಂದೇ ಅಚ್ಚಿನ ಅಕ್ಷರಗಳೂ ಬೇರೆಬೇರೆ ಕಾಣುತ್ತವೆ. ಇಂಥವುಗಳ ಫಾಂಟ್ ಹುಡುಕುತ್ತ ಒಂದಿಡೀ ಮಧ್ಯಾಹ್ನ ಕಳೆದವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ನಮ್ಮ ಪತ್ರಿಕೆಯ ರಕಾರಗಳು ಒಂದರ ಮೇಲೊಂದು ಸರಿಯಾಗಿ ಕೂತವು. ಸರಿ, ಫಾಂಟು.

ಹಾಗೆಂದು ಆಗಲೂ ನಾನು ಫಾಂಟ್ ಪಟ್ಟಿ ತೆರೆಯಲಿಲ್ಲ. ಬೇಕಾದ ಅಕ್ಷರ ಚಿತ್ರದಲ್ಲೇ ಎಲ್ಲಾದರೂ ಇದ್ದರೆ ಅದಕ್ಕಿಂತ ಒಳ್ಳೆಯ ಜೋಡಿ ಸಿಗುವುದುಂಟೆ? 11 ಹೋಗಿ 15 ಆಗಬೇಕು. 5 ಅದೇ ಸಾಲಿನ 2025ರಲ್ಲಿ ಕೂತಿದೆ. ಕತ್ತರಿಸಿ ತಂದರಾಯಿತು. ‘ಭಾನುವಾರ’ದ ‘ವಾರ’ ಹಾಗೇ ಉಳಿಯುತ್ತದೆ. ಬೇಕಾದ್ದು ‘ಗುರು’ ಮಾತ್ರ. ‘ರು’ವನ್ನೂ ಕಟ್ಟಬಹುದು: ‘ವಾರ’ದ ರಕಾರಕ್ಕೆ ‘ನು’ವಿನ ಕೊಂಬನ್ನು ಅಂಟಿಸಿದರೆ ‘ರು’. ಉಳಿದದ್ದು ಒಂದೇ ಒಂದು ‘ಗ’. ಕೆಳಗೆ ‘ಬೆಳಿಗ್ಗೆ’ ಎಂದಿದೆ. ಆದರೆ ಅಲ್ಲಿರುವುದು ತಲೆಕಟ್ಟು ಕಳೆದುಕೊಂಡು ಎತ್ವ ಏರಿಸಿಕೊಂಡ ‘ಗೆ’ ಮತ್ತು ಅದರ ಕೆಳಗೊಂದು ಪುಟ್ಟ ಒತ್ತು. ಇನ್ನೂ ಕೆಳಗೆ ‘ಗುರುಹಿರಿಯರು’ ಎಂಬ ಪದವೇ ಇತ್ತು! ನೋಡಿ ಖುಷಿಯಾಯಿತು. ಅಳೆದಾಗ ಖುಷಿ ಇಳಿಯಿತು. ದಿನಾಂಕದ ಸಾಲಿನ ರಕಾರ 41 ಪಿಕ್ಸೆಲ್ ಎತ್ತರ, ‘ಗುರುಹಿರಿಯರು’ ಸಾಲಿನದು 22. ಸುಮಾರು ಇಮ್ಮಡಿ ಹಿಗ್ಗಿಸಿದರೆ ಅಂಚು ಅಂಬಲಿಯಾಗುತ್ತದೆ. ಮೇಲಾಗಿ ಅದು ತೆಳು ಅಕ್ಷರ, ದಿನಾಂಕದ್ದು ದಪ್ಪ. ಅಳತೆ ಹತ್ತಿಪ್ಪತ್ತು ಶೇಕಡಾ ವ್ಯತ್ಯಾಸವಿದ್ದರೆ ಈ ಸಾಲದ ವ್ಯವಹಾರ ನಡೆಯುತ್ತದೆ. ಅದಕ್ಕೂ ಹೆಚ್ಚಾದರೆ ಇಲ್ಲ.

ಹಾಗಾಗಿ ಫಾಂಟ್ ಹುಡುಕಲೇಬೇಕಾಯಿತು.

ಕನ್ನಡದ ಫಾಂಟ್‌ಗಳಲ್ಲಿ ಎರಡು ಕುಲಗಳಿವೆ ಎಂಬುದು ಇಲ್ಲಿ ನೆನಪಿರಬೇಕು. ಹಳೆಯ ಕುಲದ್ದು ನುಡಿ, ಬರಹ, ಶ್ರೀಲಿಪಿ, ಆಕೃತಿಗಳ ಕಾಲದ ಫಾಂಟ್‌ಗಳು. ಇವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುವುದು ಇದರಿಂದಲೇ. ಹೊಸ ಕುಲದ್ದು ಯೂನಿಕೋಡ್ ಫಾಂಟ್‌ಗಳು: ವಿಂಡೋಸ್ ಜತೆ ಬಂದ ತುಂಗಾ ಮತ್ತು ನಿರ್ಮಲಾ, ಗೂಗಲ್‌ನ ನೋಟೋ, ಏಕ್ ಟೈಪ್‌ನವರ ಬಲೂ ತಮ್ಮ ಮತ್ತು ಅನೇಕ್, ಹೀಗೆ. ಮೊಬೈಲಿನಲ್ಲಿ ನಾವು ಟೈಪ್ ಮಾಡುವ ಕನ್ನಡ ಯೂನಿಕೋಡ್. ಅಚ್ಚಿಗೆ ಹೋಗುವ ಆಹ್ವಾನ ಪತ್ರಿಕೆಗಳಲ್ಲಿ ಇವತ್ತಿಗೂ ಹಳೆಯ ಕುಲದ ಫಾಂಟ್‌ಗಳು ಧಾರಾಳವಾಗಿ ಓಡಾಡುತ್ತವೆ.

ಈ ಎರಡು ಕುಲ ಗೊತ್ತಿಲ್ಲದಿದ್ದರೆ ಆಗುವ ಎಡವಟ್ಟು ಹೀಗಿದೆ. ಫಾಂಟ್ ಪಟ್ಟಿಯಲ್ಲಿ ನುಡಿಯ ಹಳೆಯ ಫಾಂಟೊಂದನ್ನು ಆರಿಸಿ, ಯೂನಿಕೋಡ್ ಕೀಲಿಮಣೆಯಲ್ಲಿ ‘ಭಾನುವಾರ’ ಎಂದು ಹೊಡೆಯುತ್ತೀರಿ. ಆ ಫಾಂಟಿನಲ್ಲಿ ಯೂನಿಕೋಡ್ ಕನ್ನಡದ ಜಾಗಗಳೇ ಖಾಲಿ. ಅನೇಕ ತಂತ್ರಾಂಶಗಳು ತಕರಾರು ತೆಗೆಯದೆ ನಿರ್ಮಲಾ ಅಥವಾ ತುಂಗಾದಿಂದ ಅಕ್ಷರ ಎರವಲು ತಂದು ತೋರಿಸುತ್ತವೆ. ಮೇಲೆ ಹೆಸರು ಮಾತ್ರ ನುಡಿಯದೇ ಇರುತ್ತದೆ. ನೀವು ನುಡಿಯನ್ನು ನೋಡಿದೆ, ಹೊಂದಲಿಲ್ಲ ಎಂದು ಬದಿಗಿಡುತ್ತೀರಿ. ನೋಡಿದ್ದು ನುಡಿಯನ್ನೇ ಅಲ್ಲ. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ: ನಾಲ್ಕು ಬೇರೆ ಫಾಂಟ್ ಆರಿಸಿದರೂ ಅಕ್ಷರ ಒಂದೇ ಥರ ಕಂಡರೆ ನೀವು ಎರವಲಿನ ಅಕ್ಷರ ನೋಡುತ್ತಿದ್ದೀರಿ. ಹಳೆಯ ಫಾಂಟ್ ನೋಡಬೇಕೆಂದರೆ ಅದರದೇ ತಂತ್ರಾಂಶದ ಕೀಲಿಮಣೆಯಲ್ಲಿ ಹೊಡೆಯಬೇಕು. ನುಡಿಯಲ್ಲಿ ಹೊಡೆದದ್ದಕ್ಕೆ ಶ್ರೀಲಿಪಿಯ ಫಾಂಟ್ ಹಾಕಿದರೂ ಆಗದು; ಇಬ್ಬರ ಜಾಗಗಳ ನಕ್ಷೆ ಬೇರೆಬೇರೆ.

ಒತ್ತಕ್ಷರಗಳು ಪಕ್ಕಕ್ಕೆ ಜಾರಿ ಚೆಲ್ಲಾಪಿಲ್ಲಿಯಾಗಿ ಕಂಡರೆ ಅದು ಫಾಂಟಿನ ತಪ್ಪಲ್ಲ. ಫೋಟೋಶಾಪ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇಕಾದ ಆಯ್ಕೆ ಹಾಕಿಲ್ಲ ಎಂದರ್ಥ.

ಇನ್ನು ಹೋಲಿಕೆ. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಬೇಕಾದ ‘ಗುರುವಾರ’ವನ್ನೇ ಒಂದೊಂದು ಫಾಂಟಿನಲ್ಲೂ ಹೊಡೆದು, ಹತ್ತಿರವಿದೆಯಾ ಎಂದು ಕಣ್ಣಳತೆಯಲ್ಲಿ ನೋಡುತ್ತಾರೆ. ಚಿತ್ರದಲ್ಲಿ ಇಲ್ಲದ ಪದವನ್ನು ಯಾವುದಕ್ಕೆ ಹೋಲಿಸುವುದು? ಚಿತ್ರದಲ್ಲಿ ಇರುವ ‘ಭಾನುವಾರ’ವನ್ನೇ ಹೊಡೆಯಬೇಕು, ಅದು ಮೂಲದ ಮೇಲೆ ಕೂರುವವರೆಗೆ ತಿದ್ದಬೇಕು, ಕೂತ ಮೇಲೆ ಅಳತೆಯೊಂದನ್ನೂ ಮುಟ್ಟದೆ ‘ಭಾನು’ ಅಳಿಸಿ ‘ಗುರು’ ಎಂದು ಹೊಡೆಯಬೇಕು. ನಲವತ್ತೊಂಬತ್ತು ಅಕ್ಷರಗಳೂ ಹೊಂದಬೇಕೆಂಬ ಹಟವೂ ಬೇಡ. ನನಗೆ ಬೇಕಾದದ್ದು ತಲೆಕಟ್ಟು, ಕೊಂಬು ಮತ್ತು ಗಕಾರದ ಕಮಾನು. ತಲೆಕಟ್ಟು ಮತ್ತು ಕೊಂಬು ಎರಡೂ ‘ನು’ವಿನಲ್ಲಿವೆ. ಈ ಫಾಂಟಿನ ಳಕಾರ ಹೇಗಿದೆ, ಷಕಾರ ಹೇಗಿದೆ ಎಂಬುದು ಇವತ್ತಿನ ಮಟ್ಟಿಗೆ ನನಗೆ ಸಂಬಂಧವಿಲ್ಲ.

ತಲೆಕಟ್ಟಿನ ತುದಿ ನೋಡಿ. ಕೆಲವು ಫಾಂಟ್‌ಗಳಲ್ಲಿ ಅದು ಮೇಲಕ್ಕೆ ಕೊಕ್ಕಿನಂತೆ ಚೂಪಾಗಿ ಏಳುತ್ತದೆ, ಕೆಲವದರಲ್ಲಿ ಉರುಟಾಗಿ ಮುಗಿಯುತ್ತದೆ, ಕೆಲವದರಲ್ಲಿ ಕತ್ತಿಯಿಂದ ಕತ್ತರಿಸಿದಂತೆ ನಿಲ್ಲುತ್ತದೆ. ಕೊಂಬು ಮೇಲಕ್ಕೆ ಎಷ್ಟು ಹೋಗುತ್ತದೆ, ತಲೆಕಟ್ಟಿನ ಮಟ್ಟ ಮುಟ್ಟುತ್ತದೋ ಮೊದಲೇ ನಿಲ್ಲುತ್ತದೋ ನೋಡಿ. ಗೆರೆ ಎಲ್ಲ ಕಡೆ ಒಂದೇ ದಪ್ಪವೋ, ತಿರುವಿನಲ್ಲಿ ತೆಳುವಾಗುತ್ತದೋ ನೋಡಿ. ಈ ಮೂರು ಪ್ರಶ್ನೆಯಲ್ಲೇ ನಮ್ಮ ಪಟ್ಟಿ ಕರಗಿತು. ಪತ್ರಿಕೆಯ ಅಕ್ಷರದಲ್ಲಿ ಗೆರೆ ದಪ್ಪ ತೆಳು ಆಗುತ್ತಿತ್ತು. ಒಂದೇ ದಪ್ಪದ ಬಲೂ ತಮ್ಮದಂಥವು ಅಲ್ಲಿಗೇ ಹೊರಗೆ. ನಮ್ಮಲ್ಲಿದ್ದ ಹಳೆಯ ಕುಲದ ಫಾಂಟ್‌ಗಳಲ್ಲಿ ಯಾವುದೂ ಅದೇ ಆಗಿರಲಿಲ್ಲ. ಕೊನೆಗೆ ಹತ್ತಿರದ ನೆಂಟನಾಗಿ ನಿಂತದ್ದು ನೋಟೋ ಸೆರಿಫ್ ಕನ್ನಡ.

ಹತ್ತಿರದ ನೆಂಟ ಎಂದೆ, ಅವನೇ ಅಲ್ಲ. ಇಲ್ಲಿಂದ ಮುಂದೆ ಫಾಂಟ್‌ಗಿಂತ ಹೊಂದಿಸುವ ಕೈಯೇ ದೊಡ್ಡದು. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದು: ಓದುವವರ ಕಣ್ಣು ಮೊದಲು ಹಿಡಿಯುವುದು ಆಕಾರದ ವ್ಯತ್ಯಾಸವನ್ನಲ್ಲ. ಮೊದಲು ಎತ್ತರ ಹಿಡಿಯುತ್ತದೆ, ಆಮೇಲೆ ಕಪ್ಪು ಹಿಡಿಯುತ್ತದೆ, ಎಂದರೆ ಪದ ಎಷ್ಟು ಗಾಢವಾಗಿದೆ ಎಂಬುದನ್ನು. ಆಮೇಲೆ ಅಕ್ಷರಗಳ ನಡುವಿನ ಸಂದು. ತಲೆಕಟ್ಟಿನ ತುದಿಯ ವ್ಯತ್ಯಾಸ ಗೊತ್ತಾಗುವುದು ಎಲ್ಲಕ್ಕಿಂತ ಕೊನೆಗೆ, ಅದೂ ನನ್ನಂಥವರಿಗೆ. ಅದೇ ಮೂಲ ಫಾಂಟನ್ನು ಎರಡು ಪಿಕ್ಸೆಲ್ ಎತ್ತರ ಮಾಡಿ ಕೂರಿಸಿದರೆ ಮನೆಮಂದಿಯೆಲ್ಲ ‘ಏನೋ ಸರಿಯಿಲ್ಲ’ ಅನ್ನುತ್ತಾರೆ. ಬೇರೆ ಫಾಂಟನ್ನು ಅಳತೆ ಕೆಡದಂತೆ ಕೂರಿಸಿದರೆ ಯಾರೂ ಕೇಳುವುದಿಲ್ಲ.

ಎತ್ತರವನ್ನು ಫಾಂಟ್ ಸೈಜ್ ನೋಡಿ ಹೊಂದಿಸಲಾಗದು. ಒಂದೇ ಸೈಜ್ ಕೊಟ್ಟರೂ ಒಂದು ಫಾಂಟಿನ ರಕಾರ ಗಿಡ್ಡ, ಇನ್ನೊಂದರದ್ದು ಎತ್ತರ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಎಷ್ಟೆಷ್ಟು ಜಾಗ ಬಿಡಬೇಕೆಂಬುದು ಫಾಂಟ್ ಮಾಡಿದವರ ಇಷ್ಟ. ಹಾಗಾಗಿ ಅಕ್ಷರವನ್ನೇ ಅಳೆಯಬೇಕು. ಚಿತ್ರದ ರಕಾರ 41 ಪಿಕ್ಸೆಲ್. ನಾನು 60ರ ಸೈಜಿನಲ್ಲಿ ಹೊಡೆದ ರಕಾರ 36 ಪಿಕ್ಸೆಲ್ ಬಂತು. 60ನ್ನು 41ರಿಂದ ಗುಣಿಸಿ 36ರಿಂದ ಭಾಗಿಸಿದರೆ 68.3. ಆ ಸೈಜ್ ಕೊಟ್ಟೆ, ಎತ್ತರ ಕೂತಿತು.

ಅಗಲ ಕೂರಲಿಲ್ಲ. ಚಿತ್ರದ ‘ಭಾನುವಾರ’ 212 ಪಿಕ್ಸೆಲ್, ನನ್ನದು 236. ಅಕ್ಷರಗಳ ನಡುವಿನ ಸಂದು ಕಡಿಮೆ ಮಾಡಿ ಸರಿಪಡಿಸೋಣ ಎಂದು ಕೈ ಹೋಗುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಕನ್ನಡದ ಡಿಟಿಪಿಯಲ್ಲಿ ಸಾಲು ಜಾಗಕ್ಕೆ ಹಿಡಿಸದಿದ್ದರೆ ಅಕ್ಷರವನ್ನೇ ಅಡ್ಡಕ್ಕೆ ಒತ್ತಿ ಸಪುರ ಮಾಡುವ ಅಭ್ಯಾಸ ಬಹಳ ಹಳೆಯದು. ನಾನೂ ಮಾಡಿದ್ದೇನೆ. ಮೂಲದವರೂ ಮಾಡಿದ್ದರೆ? ಅದನ್ನು ಹೇಳಬಲ್ಲ ಸಾಕ್ಷಿ ಸೊನ್ನೆ. ‘ದಿನಾಂಕ’ದಲ್ಲಿ ಅದು ಇತ್ತು. ಅದೇ ಪದವನ್ನು ನನ್ನ ಫಾಂಟಿನಲ್ಲಿ ಹೊಡೆದು ಎರಡೂ ಸೊನ್ನೆ ಅಳೆದೆ. ಎತ್ತರದಲ್ಲಿ ಎರಡೂ 24 ಪಿಕ್ಸೆಲ್. ಅಗಲದಲ್ಲಿ ಚಿತ್ರದ್ದು ಎರಡು ಪಿಕ್ಸೆಲ್ ಕಡಿಮೆ, ಕೋಳಿಮೊಟ್ಟೆ ನಿಲ್ಲಿಸಿದ ಹಾಗೆ. ಇಷ್ಟು ಚಿಕ್ಕ ಗುರುತಿನಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ನೂರಕ್ಕೆ ನಾಲ್ಕು ತಪ್ಪುತ್ತದೆ, ಆದ್ದರಿಂದ ಸೊನ್ನೆಯನ್ನು ಸುಳಿವಿಗೆ ಮಾತ್ರ ಇಟ್ಟುಕೊಳ್ಳಬೇಕು, ಲೆಕ್ಕಕ್ಕೆ ಪದದ ಅಗಲವೇ ಸರಿ. 212ನ್ನು 236ರಿಂದ ಭಾಗಿಸಿದರೆ 0.898. ಅಡ್ಡಳತೆ ಶೇಕಡಾ 90 ಕೊಟ್ಟೆ. ಇನ್ನೊಂದು ಗುರುತೂ ಹೊಂದಿಕೆಯಾಯಿತು: ಅಡ್ಡಕ್ಕೆ ಒತ್ತಿದಾಗ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ಹಾಗೇ ಉಳಿಯುತ್ತವೆ. ಚಿತ್ರದಲ್ಲಿ ಕೊಂಬಿನ ನಿಂತ ಭಾಗ ತಲೆಕಟ್ಟಿಗಿಂತ ಬಡವಾಗಿತ್ತು.

ಕಪ್ಪನ್ನು ಹೊಂದಿಸಲು ನೋಟೋ ಅನುಕೂಲ. ಅದು ವೇರಿಯಬಲ್ ಫಾಂಟ್ ಆಗಿ ಸಿಗುತ್ತದೆ. ದಪ್ಪವನ್ನು 100ರಿಂದ 900ರವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಬೋಲ್ಡ್ ಎಂದರೆ 700; ಅದು ಹೆಚ್ಚಾಯಿತು. 600 ಕಡಿಮೆಯಾಯಿತು. 640ರಲ್ಲಿ ಸಮವಾಯಿತು. ಇದನ್ನು ಹತ್ತಿರದಿಂದ ನೋಡಿ ತೀರ್ಮಾನಿಸಬಾರದು. ಹಿಂದಕ್ಕೆ ಸರಿದು, ಕಣ್ಣು ಕಿರಿದು ಮಾಡಿ, ಅಕ್ಷರ ಓದಲಾಗದಷ್ಟು ಮಸುಕಾದಾಗ ಎರಡು ಪದದ ಗಾಢತೆ ಒಂದೇ ಇದೆಯೇ ನೋಡಬೇಕು. ಬೇಕಾದ ದಪ್ಪ ಇಲ್ಲದ ಫಾಂಟಿಗೆ ಸುತ್ತ ಗೆರೆ ಎಳೆದು ದಪ್ಪ ಮಾಡುವವರಿದ್ದಾರೆ. ಆಗ ರಕಾರದ ಹೊಟ್ಟೆ ತುಂಬಿ ತೂತು ಮುಚ್ಚುತ್ತ ಬರುತ್ತದೆ. ಹಾಗೆ ಮಾಡುವುದಕ್ಕಿಂತ ಒಂದಿಷ್ಟು ತೆಳುವಾಗಿಯೇ ಬಿಡುವುದು ವಾಸಿ.

ಈಗ ಮೂಲದ ಮೇಲೆ ನನ್ನ ‘ಭಾನುವಾರ’ವನ್ನು ಅದೇ ಬಣ್ಣದಲ್ಲಿ ಇಟ್ಟು, ಲೇಯರಿನ ಬೆರಕೆಯನ್ನು ಡಿಫರೆನ್ಸ್‌ಗೆ ತಿರುಗಿಸಿದೆ. ಈ ಬೆರಕೆಯಲ್ಲಿ ಎರಡೂ ಒಂದಾಗಿರುವ ಕಡೆ ಕಪ್ಪಾಗುತ್ತದೆ, ಬೇರೆಯಾಗಿರುವ ಕಡೆ ಹೊಳೆಯುತ್ತದೆ. ‘ವಾರ’ ಬಹುತೇಕ ಕಪ್ಪಾಯಿತು. ತಲೆಕಟ್ಟುಗಳ ತುದಿಯಲ್ಲಿ, ಭಕಾರದ ಬುಡದಲ್ಲಿ ಸಣ್ಣ ಮಿಂಚು ಉಳಿಯಿತು. ಭಕಾರ ಹೇಗೂ ಹೋಗುವಂಥದ್ದು.

ಹಾಗಾದರೆ ಗಕಾರವೊಂದನ್ನು ಮಾತ್ರ ಹೊಸದಾಗಿ ತಂದು ಉಳಿದದ್ದನ್ನು ಹಳೆಯ ಚಿತ್ರದಿಂದಲೇ ಕಟ್ಟಬೇಕೆ, ‘ಗುರುವಾರ’ ಇಡೀ ಪದವನ್ನು ಹೊಸದಾಗಿ ಹಾಕಬೇಕೆ? ನಾನು ಇಡೀ ಪದವನ್ನೇ ಹಾಕಿದೆ. ಒಂದೇ ಪದದೊಳಗೆ ‘ಗು’ವಿನ ಕೊಂಬು ಒಂದು ಜಾತಿ, ‘ರು’ವಿನ ಕೊಂಬು ಇನ್ನೊಂದು ಜಾತಿಯಾದರೆ ಪಕ್ಕಪಕ್ಕದಲ್ಲೇ ಹೋಲಿಕೆ ಸಿಕ್ಕಿಬಿಡುತ್ತದೆ. ಪದದ ನಡುವಿನ ಹೊಲಿಗೆಗಿಂತ ಪದಗಳ ನಡುವಿನ ಹೊಲಿಗೆ ಕಡಿಮೆ ಕಾಣುತ್ತದೆ. ಫಾಂಟ್ ಇನ್ನೂ ದೂರದ್ದಾಗಿದ್ದರೆ ಇದೇ ಲೆಕ್ಕವನ್ನು ಮುಂದಕ್ಕೆ ಒಯ್ದು ಇಡೀ ಸಾಲನ್ನೇ ಬದಲಿಸುತ್ತಿದ್ದೆ. ಒಂದು ಸಾಲು ಪೂರ್ತಿ ಬೇರೆ ಅಕ್ಷರದಲ್ಲಿದ್ದರೆ ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನಿಸುತ್ತದೆ. ಅರ್ಧ ಸಾಲು ಬೇರೆಯಾದರೆ ತೇಪೆ ಅನ್ನಿಸುತ್ತದೆ. ಸುಮಾರಾಗಿ ಹೊಂದುವ ಫಾಂಟಿಗಿಂತ ಸ್ಪಷ್ಟವಾಗಿ ಬೇರೆಯಾದ ಫಾಂಟಿನ ಇಡೀ ಸಾಲು ಚೆನ್ನ. ಅಂಕಿಗಳಿಗೆ ಮಾತ್ರ ಚಿತ್ರದ್ದೇ 5 ಇತ್ತು, ಅದನ್ನೇ ತಂದೆ.

ಹಳೆಯ ಪದ ಅಳಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಅಕ್ಷರದ ಅಂಚಿರುವ ಚೌಕದಲ್ಲೆಲ್ಲ ಸುತ್ತ ಕೊಳಕು ಹರಡಿಕೊಂಡಿರುತ್ತದೆ. ಅಕ್ಷರದ ಮೈ ಮಾತ್ರ ಒರೆಸಿದರೆ ಆ ಕೊಳಕು ಉಳಿದು ಭಾನುವಾರದ ದೆವ್ವ ಗುರುವಾರದ ಹಿಂದೆ ನಿಂತಿರುತ್ತದೆ. ಎಲ್ಲ ಕಡೆಗೂ ಎಂಟು ಹತ್ತು ಪಿಕ್ಸೆಲ್ ಹೆಚ್ಚಾಗಿಯೇ ಒರೆಸಿ, ಪಕ್ಕದ ಕೆನೆ ಬಣ್ಣ ತಂದು ತುಂಬಿದೆ. ಹೊಸ ಅಕ್ಷರದ ಬಣ್ಣವನ್ನು ಹಳೆಯ ಗೆರೆಯ ನಡುವಿನಿಂದ ತೆಗೆದುಕೊಂಡೆ. ಅಂಚಿನಿಂದ ತೆಗೆದರೆ ಪೇಲವವಾಗುತ್ತದೆ.

ಹಾಕಿ ನೋಡಿದರೆ ಗುರುವಾರ ಹೊಸ ಷರಟು ಹಾಕಿಕೊಂಡವನ ಹಾಗೆ ಎದ್ದು ಕಾಣುತ್ತಿತ್ತು. ಎತ್ತರ, ಅಗಲ, ಬಣ್ಣ ಎಲ್ಲ ಸರಿ. ಆದರೆ ಅಂಚು ಬಹಳ ಚೂಪು. ಸುತ್ತಲಿನ ಅಕ್ಷರಗಳು ನಾಲ್ಕಾರು ಸಲ ಕುಗ್ಗಿ ಮಸುಕಾಗಿವೆ, ಇದೊಂದು ಈಗಷ್ಟೇ ಹುಟ್ಟಿದೆ. ಅರ್ಧ ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್ ಕೊಟ್ಟೆ, ತುಸು ಮಾತ್ರ ನಾಯ್ಸ್ ಸೇರಿಸಿದೆ. ಕೂತುಕೊಂಡಿತು. ಫಾಂಟ್ ಹೊಂದಲಿಲ್ಲ ಎಂದು ಬಿಸಾಡುವ ಎಷ್ಟೋ ಕೆಲಸಗಳಲ್ಲಿ ತಪ್ಪಿರುವುದು ಫಾಂಟಿನದಲ್ಲ, ಈ ಚೂಪಿನದು.

ಆರಿಂಚು ಅಗಲಕ್ಕೆ ಒಂದು ಪ್ರತಿ ತೆಗೆದು, ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಕೊಟ್ಟೆ. ‘ಇದರಲ್ಲಿ ಏನೋ ಒಂದು ಬದಲಾಯಿಸಿದ್ದೀನಿ, ಎಲ್ಲಿ ಹೇಳು ನೋಡೋಣ.’ ಅವನು ತಿರುಗಿಸಿ ಮುರುಗಿಸಿ ನೋಡಿ, ಗಣಪತಿಯ ಚಿತ್ರ ಬದಲಾಗಿದೆ ಅಂದ. ಸಾಕು ಅನ್ನಿಸಿತು. ಎಲ್ಲ ಸೇರಿ ಒಂದೂಕಾಲು ಗಂಟೆ ಹಿಡಿದಿತ್ತು.

ಈ ಕೈಚಳಕವನ್ನು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಬಾಡಿಗೆ ಕರಾರುಗಳ ಮೇಲೆ ತೋರಿಸಿ ಎಂದು ಬರುವವರೂ ಇದ್ದಾರೆ. ‘ಒಂದೇ ಅಂಕಿ ಸಾರ್’ ಅನ್ನುತ್ತಾರೆ. ಅದು ಫೋರ್ಜರಿ, ಮಾಡಿಸಿದವರ ಜತೆ ಮಾಡಿಕೊಟ್ಟವನೂ ಜೈಲಿಗೆ ಹೋಗುತ್ತಾನೆ. ಅಂಥವರಿಗೆ ನಮ್ಮ ಅಂಗಡಿಯ ಕಂಪ್ಯೂಟರೂ ಕೆಟ್ಟಿರುತ್ತದೆ.

ಉಳಿದವರಿಗೆ ಒಂದು ಕೋರಿಕೆ. ಪತ್ರಿಕೆ, ಬ್ಯಾನರ್, ಬೋರ್ಡು ಏನೇ ಮಾಡಿಸಿದರೂ ದುಡ್ಡು ಕೊಡುವ ಮುಂಚೆ ಪಿಡಿಎಫ್ ಕೇಳಿ ಇಸಿದುಕೊಳ್ಳಿ, ಫಾಂಟಿನ ಹೆಸರನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ನಿಮ್ಮ ಕೆಲಸ ನಿಜಕ್ಕೂ ಎರಡು ನಿಮಿಷದ್ದು. ನಾನು ದುಡ್ಡೂ ಅಷ್ಟಕ್ಕೇ ತೆಗೆದುಕೊಳ್ಳುತ್ತೇನೆ.